ನೆಕ್ಲೇಸ್ ಬಿಲ್ಲಿನಲ್ಲಿ ಹರಳಿಗೂ ವೇಸ್ಟೇಜ್ ಬಿದ್ದಿದೆ

ಪ್ರಶ್ನೆ: ಸರ್, ತಂಗಿ ಮದುವೆಗೆ 22 ಕ್ಯಾರೆಟ್ಟಿನ ಹರಳಿನ ನೆಕ್ಲೇಸ್ ತಗೊಂಡ್ವಿ. ಬಿಲ್ಲಲ್ಲಿ ಹೀಗಿದೆ: ಗ್ರಾಸ್ ತೂಕ 27.500 ಗ್ರಾಂ, ಹರಳು 2.500, ನೆಟ್ 25.000. ರೇಟ್ ಗ್ರಾಂಗೆ 9,000. ವೇಸ್ಟೇಜ್ 14% ಅಂತ 3.850 ಗ್ರಾಂ. ಮೇಕಿಂಗ್ ಗ್ರಾಂಗೆ 250ರಂತೆ 6,875. ಹರಳಿಗೆ 6,500. ಜಿಎಸ್‌ಟಿ 3% ಅಂದ್ರೆ 8,190.75. ಹಾಲ್‌ಮಾರ್ಕ್ 53.10. ಎಲ್ಲಾ ಸೇರಿ 2,81,269 ಕೊಟ್ಟಿದ್ದೀವಿ. ಲೆಕ್ಕ ಸರಿ ಇದ್ಯಾ? ಇದೇ ರೇಟಲ್ಲಿ ವಾಪಸ್ ಮಾರಿದ್ರೆ ಎಷ್ಟು ಸಿಗುತ್ತೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೂಡು-ಕಳೆ ಎಲ್ಲ ಸರಿಯಾಗಿದೆ. ಆದರೆ ನಿಮ್ಮಿಂದ 3,888 ರೂಪಾಯಿ ಜಾಸ್ತಿ ತೆಗೆದುಕೊಂಡಿದ್ದಾರೆ. ಇದೇ ರೇಟಿನಲ್ಲಿ ಮಾರಿದರೆ ಕೈಗೆ ಸುಮಾರು 2,16,000 ಬರಬಹುದು. ಎರಡಕ್ಕೂ ಕಾರಣ ಬೇರೆ ಬೇರೆ, ಒಂದೊಂದಾಗಿ ನೋಡೋಣ.

ನಾನು ಹನ್ನೊಂದು ವರ್ಷ ಒಡವೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವನು. ಅಲ್ಲಿ ಕೂತವರು ಬಿಲ್ ನೋಡುವ ಕ್ರಮ ಬೇರೆ. ಗಿರಾಕಿಯ ಕಣ್ಣು ಮೊದಲು ರೇಟಿಗೆ ಹೋಗುತ್ತದೆ. ನಮ್ಮ ಕಣ್ಣು ಮೊದಲು ಹೋಗುತ್ತಿದ್ದದ್ದು ನೆಟ್ ತೂಕಕ್ಕೆ. ರೇಟಿನಲ್ಲಿ ಮೋಸ ಮಾಡುವುದು ಕಷ್ಟ, ಊರಿಗೆಲ್ಲ ಗೊತ್ತಿರುವ ಸಂಖ್ಯೆ ಅದು. ತೂಕದ ಲೆಕ್ಕ ಹಾಗಲ್ಲ.

ನಿಮ್ಮ ಬಿಲ್ಲಿನಲ್ಲಿ ಚಿನ್ನದ ಬೆಲೆ ಸರಿಯಾಗಿದೆ. ಹರಳು ಕಳೆದು ಉಳಿದ 25 ಗ್ರಾಂಗೆ 9,000ದಂತೆ 2,25,000. ಇನ್ನು ವೇಸ್ಟೇಜ್ ಸಾಲು ನೋಡಿ. 25 ಗ್ರಾಂಗೆ 14% ಎಂದರೆ 3.500 ಗ್ರಾಂ ಆಗಬೇಕು. ಬಿಲ್ಲಿನಲ್ಲಿ 3.850 ಇದೆ. ಅದು 27.500ರ 14%. ಅಂದರೆ ಹರಳಿಗೂ ವೇಸ್ಟೇಜ್ ಹಾಕಿದ್ದಾರೆ! ಹರಳನ್ನು ಯಾರೂ ಅರ ಹಾಕಿ ಉಜ್ಜಿ ಪುಡಿ ಮಾಡಲಿಲ್ಲ, ಹಾಗಿದ್ದ ಮೇಲೆ ಅದರಲ್ಲಿ ಚಿನ್ನ ಸವೆಯುವುದು ಎಲ್ಲಿಂದ ಬಂತು? ಈ 0.350 ಗ್ರಾಂಗೆ 3,150 ರೂಪಾಯಿ.

ಮೇಕಿಂಗಿನಲ್ಲೂ ಇದೇ ಕೈಚಳಕ. 250ರಂತೆ 25 ಗ್ರಾಂಗೆ 6,250 ಆಗಬೇಕು, ಅವರು 27.500ಕ್ಕೆ ಹಾಕಿ 6,875 ಮಾಡಿದ್ದಾರೆ. ಇಲ್ಲಿ 625. ಎರಡೂ ಸೇರಿ 3,775, ಅದರ ಮೇಲಿನ ಜಿಎಸ್‌ಟಿ ಸೇರಿಸಿದರೆ 3,888.

ಇದನ್ನು ಕಳ್ಳತನ ಎಂದು ನಾನು ಹೇಳುವುದಿಲ್ಲ. ವೇಸ್ಟೇಜ್ ಎಷ್ಟಿರಬೇಕು, ಯಾವ ತೂಕದ ಮೇಲೆ ಹಾಕಬೇಕು ಎಂದು ಕಾನೂನಿನಲ್ಲಿ ಮಿತಿ ಇಲ್ಲ. ಅದು ಅಂಗಡಿಯವರೂ ನೀವೂ ಒಪ್ಪಿಕೊಂಡ ಮಾತು. "ನಮ್ಮಲ್ಲಿ ಹರಳಿನ ಐಟಂಗೆ ಗ್ರಾಸ್ ಮೇಲೇ ಹಾಕೋದು" ಎಂದು ಕೆಲವರು ಖರೀದಿಗೆ ಮುಂಚೆಯೇ ಹೇಳುತ್ತಾರೆ. ಹೇಳಿದ್ದರೆ ಅದು ಬೆಲೆ, ಅಷ್ಟೇ. ಹೇಳದೆ ಬರೀ "14%" ಎಂದಿದ್ದರೆ, ಬಿಲ್ಲಿನಲ್ಲಿ ನೆಟ್ ತೂಕ 25 ಎಂದು ಅವರೇ ಬರೆದಿರುವಾಗ, ಕೇಳುವ ಹಕ್ಕು ನಿಮಗಿದೆ.

ಸರಿ, ಈ ವೇಸ್ಟೇಜ್ ಅಂದರೇನು? ಹಿಂದೆ ಅಕ್ಕಸಾಲಿಗರು ಗಟ್ಟಿ ಚಿನ್ನ ಕರಗಿಸಿ, ತಂತಿ ಎಳೆದು, ಅರದಿಂದ ಉಜ್ಜಿ, ಬೆಸುಗೆ ಹಾಕಿ ಒಡವೆ ಮಾಡುವಾಗ ಸ್ವಲ್ಪ ಪುಡಿ ಉದುರುತ್ತಿತ್ತು, ಪಾಲಿಶ್ ಮಾಡುವಾಗ ಇನ್ನಷ್ಟು ಹೋಗುತ್ತಿತ್ತು. ಗಿರಾಕಿ ಕೊಟ್ಟ ಚಿನ್ನಕ್ಕೂ ಕೈಗೆ ಬಂದ ಒಡವೆಗೂ ಇರುವ ಆ ತೂಕದ ವ್ಯತ್ಯಾಸವೇ ಸವಕಳಿ, ಇವತ್ತಿನ ವೇಸ್ಟೇಜ್. ಆದರೆ ಆ ಪುಡಿ ಎಲ್ಲೂ ಹೋಗುವುದಿಲ್ಲ. ಕೆಲಸದ ಮಣೆಯ ಕೆಳಗೆ ಚರ್ಮದ ಜೋಳಿಗೆ ಕಟ್ಟಿರುತ್ತಾರೆ, ಸಂಜೆ ನೆಲ ಗುಡಿಸಿ ಆ ಕಸವನ್ನೂ ಎತ್ತಿಡುತ್ತಾರೆ. ಅಂಗಡಿ ಮುಂದಿನ ಮಣ್ಣು, ಮೋರಿಯ ಹೂಳು ತೊಳೆದು ಚಿನ್ನದ ಕಣ ತೆಗೆಯುವವರೂ ಇದ್ದಾರೆ. ಕನ್ನಡದಲ್ಲಿ ಅವರಿಗೆ ಜಲಗಾರರು ಎಂಬ ಹೆಸರೇ ಇದೆ. ಈಗಂತೂ ಚೈನು, ಬಳೆಗಳಲ್ಲಿ ಹೆಚ್ಚಿನವು ಮೆಷಿನ್ನಿನಲ್ಲೇ ಆಗುತ್ತವೆ. ಹಾಗಾಗಿ ನಿಜವಾಗಿ ನಷ್ಟವಾಗುವ ಚಿನ್ನ ಬಿಲ್ಲಿನಲ್ಲಿ ಬರೆದ ಶೇಕಡಕ್ಕಿಂತ ತುಂಬಾ ಕಡಿಮೆ. ಉಳಿದದ್ದು ಕೂಲಿ, ಬಾಡಿಗೆ, ಜಾಹೀರಾತು, ಲಾಭ. ಕೆಲವು ಅಂಗಡಿಗಳು ಅದಕ್ಕೆ ವಿ.ಎ., ಅಂದರೆ ವ್ಯಾಲ್ಯೂ ಅಡಿಷನ್, ಎಂದು ಹೆಸರು ಬದಲಿಸಿವೆ. ಹೆಸರು ಏನಾದರೂ ಇರಲಿ, ಅದು ಮಜೂರಿಯ ಇನ್ನೊಂದು ಮುಖ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಮಾಡಿದವರು ಇವತ್ತಿನ ಬಿಲ್ ನೋಡಿರಲಿಲ್ಲ ಬಿಡಿ. ಇದರಲ್ಲಿ ಕೆಲಸ ಮಾಡಿದ ಮನುಷ್ಯನ ಕೈಗೆ ಹೋಗುವ ಪಾಲು ಸಣ್ಣದು.

ವೇಸ್ಟೇಜನ್ನು ಗ್ರಾಂನಲ್ಲಿ ಹೇಳುವುದರಿಂದ ಅಂಗಡಿಗೆ ಇನ್ನೊಂದು ಅನುಕೂಲ ಇದೆ. ಚಿನ್ನ ಗ್ರಾಂಗೆ 5,000 ಇದ್ದಾಗ ಇದೇ ನೆಕ್ಲೇಸಿನ 3.500 ಗ್ರಾಂ ವೇಸ್ಟೇಜಿಗೆ 17,500 ಆಗುತ್ತಿತ್ತು. 9,000ಕ್ಕೆ ಬಂದಾಗ 31,500. ಕೆಲಸ ಅದೇ, ವಿನ್ಯಾಸ ಅದೇ, ಕೂಲಿ ಮಾತ್ರ ಚಿನ್ನದ ಜೊತೆ ಏರಿತು. ಅದಕ್ಕೇ ನಾನು ಯಾವತ್ತೂ ಗ್ರಾಂ ಲೆಕ್ಕ ಕೇಳಿಸಿಕೊಳ್ಳುವುದಿಲ್ಲ. ವೇಸ್ಟೇಜ್, ಮೇಕಿಂಗ್ ಎರಡನ್ನೂ ರೂಪಾಯಿ ಮಾಡಿ, ಕೂಡಿಸಿ, ಚಿನ್ನದ ಬೆಲೆಗೆ ಎಷ್ಟು ಶೇಕಡ ಆಯಿತು ಎಂದು ನೋಡುತ್ತೇನೆ. ನಿಮ್ಮ ಬಿಲ್ಲಿನಲ್ಲಿ 34,650 ಮತ್ತು 6,875 ಸೇರಿ 41,525. 2,25,000ಕ್ಕೆ ಅದು ಸುಮಾರು ಹದಿನೆಂಟೂವರೆ ಶೇಕಡ. ನಿಮಗೆ ಹೇಳಿದ್ದು ಹದಿನಾಲ್ಕು. ಪಕ್ಕದ ಅಂಗಡಿಯವನು "ನಮ್ಮಲ್ಲಿ ವೇಸ್ಟೇಜೇ ಇಲ್ಲ, ಮೇಕಿಂಗ್ ಮಾತ್ರ 17%" ಎಂದಾಗ ದುಬಾರಿ ಅನಿಸುತ್ತದೆ. ಲೆಕ್ಕ ಹಾಕಿದರೆ ಅವನದೇ ಅಗ್ಗ.

ಹದಿನೆಂಟೂವರೆ ಜಾಸ್ತಿಯಾ? ಒಡವೆ ನೋಡದೆ ಹೇಳಲಾರೆ. ಸಾದಾ ಮೆಷಿನ್ ಚೈನಿಗೆ ಹತ್ತರ ಒಳಗೇ ಸಿಗುತ್ತದೆ. ಕೈಕೆಲಸದ ನಕಾಶಿ, ಟೆಂಪಲ್ ಡಿಸೈನು ಇಪ್ಪತ್ತನ್ನೂ ದಾಟುತ್ತದೆ. ಹರಳು ಕೂರಿಸಿದ ನೆಕ್ಲೇಸು ಇವೆರಡರ ನಡುವೆ. ಚೌಕಾಸಿ ಮಾಡಿದ್ದರೆ ಒಂದೆರಡು ಶೇಕಡ ಇಳಿಯುತ್ತಿತ್ತು. ಚೌಕಾಸಿಗೆ ಜಾಗ ಇರುವುದು ಈ ಸಾಲಿನಲ್ಲೇ, ರೇಟಿನಲ್ಲಲ್ಲ.

ರೇಟಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. 22 ಕ್ಯಾರೆಟ್ ಎಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ. 22 ಕ್ಯಾರೆಟ್ 9,000 ಇದ್ದ ದಿನ 24 ಕ್ಯಾರೆಟ್ ಸುಮಾರು 9,818 ಇರಬೇಕು. ನಿಮ್ಮ ಬಿಲ್ಲಿನ ದಿನದ 24 ಕ್ಯಾರೆಟ್ ದರಕ್ಕೆ 22ರಿಂದ ಗುಣಿಸಿ 24ರಿಂದ ಭಾಗಿಸಿ, ಹತ್ತಿರ ಬಂದರೆ ಸರಿ. ಅಂಗಡಿಯಿಂದ ಅಂಗಡಿಗೆ ಐವತ್ತು-ನೂರು ವ್ಯತ್ಯಾಸ ಇರುತ್ತದೆ, ಒಂದೇ ದಿನದಲ್ಲಿ ಎರಡು ಸಲ ಬದಲಾಗುವುದೂ ಇದೆ. "ಮೇಕಿಂಗ್ ಮೇಲೆ ಭರ್ಜರಿ ರಿಯಾಯಿತಿ" ಬೋರ್ಡು ಹಾಕಿದ ಕಡೆ ಮಾತ್ರ ರೇಟನ್ನು ಎರಡು ಸಲ ನೋಡಿ. ಗ್ರಾಂಗೆ 50 ರೂಪಾಯಿ ಏರಿಸಿದರೆ ನಿಮ್ಮ 25 ಗ್ರಾಂಗೆ 1,250 ಅಲ್ಲೇ ವಾಪಸ್ ಬಂತು, ಅಲ್ವಾ?

ಹರಳಿನ ಸಾಲಿಗೆ ಬರೋಣ, ಇದು ಜನ ನೋಡದೇ ಬಿಡುವ ಜಾಗ. ಹರಳನ್ನು ಕ್ಯಾರೆಟ್ಟಿನಲ್ಲಿ ತೂಗುತ್ತಾರೆ. ಚಿನ್ನದ ಕ್ಯಾರೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ, ಇದು ತೂಕ. ಒಂದು ಕ್ಯಾರೆಟ್ 0.2 ಗ್ರಾಂ. 2.500 ಗ್ರಾಂ ಎಂದರೆ 12.5 ಕ್ಯಾರೆಟ್. ನಿಮ್ಮ 6,500ನ್ನು ಅದರಿಂದ ಭಾಗಿಸಿದರೆ ಕ್ಯಾರೆಟ್ಟಿಗೆ 520 ಬೀಳುತ್ತದೆ. ಒಡವೆಗೆ ಕಟ್ಟಿದ್ದ ಟ್ಯಾಗ್ ಇಟ್ಟುಕೊಂಡಿದ್ದರೆ ಅದರಲ್ಲೂ ಹರಳಿನ ತೂಕ ಇರುತ್ತದೆ, ಹೋಲಿಸಿ. ಟ್ಯಾಗಿನಲ್ಲಿ 12.5 ಕ್ಯಾರೆಟ್ ಎಂದಿದ್ದರೆ ಸರಿ. 14 ಕ್ಯಾರೆಟ್ ಎಂದಿದ್ದರೆ ಹರಳು 2.800 ಗ್ರಾಂ, ಆಗ ನಿಮಗೆ 0.300 ಗ್ರಾಂ ಹರಳನ್ನು ಚಿನ್ನದ ರೇಟಿಗೆ, ವೇಸ್ಟೇಜ್ ಸಮೇತ ಮಾರಿದ ಹಾಗೆ. ಕೂರಿಸಿದ ಮೇಲೆ ಹರಳನ್ನು ಬಿಚ್ಚದೆ ತೂಗಲು ಆಗುವುದಿಲ್ಲ. ಹಾಗಾಗಿ ಖರೀದಿಯ ದಿನ ಆ ಟ್ಯಾಗೇ ನಿಮಗಿರುವ ಆಧಾರ.

ಹರಳಿಗಿಂತ ನನಗೆ ಹೆಚ್ಚು ಭಯ ಅರಗಿನದು. ನಮ್ಮ ಅತ್ತೆಯ ಹಳೇ ಜುಮುಕಿ, ಒಂದು ಅಂಗಡಿಯಲ್ಲಿ 16 ಗ್ರಾಂ ಎಂದು ಕೊಟ್ಟಿದ್ದರು. ಮಾರಲು ಹೋದಾಗ ನಾನೇ ಜೊತೆಗಿದ್ದೆ. ಬೆಂಕಿ ತೋರಿಸಿದ ತಕ್ಷಣ ಗುಂಡಿನ ಸಂದಿಯಿಂದ ಕಪ್ಪು ಅರಗು ಬುಳಬುಳ ಎಂದು ಉಕ್ಕಿ ಬಂತು. ಕೊನೆಗೆ ಉಳಿದದ್ದು 14 ಗ್ರಾಂ ಚಿಲ್ಲರೆ. ಟೊಳ್ಳು ಗುಂಡು, ಉಬ್ಬು ಕೆಲಸದ ಪದಕ ತೆಳು ತಗಡಿನಲ್ಲಿ ಮಾಡಿದ್ದು, ನೆಗ್ಗದಿರಲಿ ಎಂದು ಒಳಗೆ ಅರಗು ತುಂಬುತ್ತಾರೆ. ಅದು ತಪ್ಪಲ್ಲ, ತೂಕದಲ್ಲಿ ಕಳೆಯದೇ ಇರುವುದು ತಪ್ಪು. ನಿಮ್ಮ ನೆಕ್ಲೇಸಿನಲ್ಲಿ ಅಂಥ ಗುಂಡುಗಳಿದ್ದರೆ "ಒಳಗೆ ಅರಗು ಇದೆಯಾ, ಕಳೆದಿದ್ದೀರಾ?" ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ತೆರಿಗೆ ನಿಮ್ಮ ಬಿಲ್ಲಿನಲ್ಲಿ ಸರಿಯಾಗಿದೆ. ಅಂಗಡಿಯಲ್ಲಿರುವ ಸಿದ್ಧ ಒಡವೆ ಕೊಂಡಾಗ ಚಿನ್ನ, ಮಜೂರಿ, ಹರಳು ಎಲ್ಲ ಸೇರಿದ ಮೊತ್ತಕ್ಕೆ 3%. ಬಿಲ್ಲಿನಲ್ಲಿ ಕೇಂದ್ರದ್ದು ಒಂದೂವರೆ, ರಾಜ್ಯದ್ದು ಒಂದೂವರೆ ಎಂದು ಒಡೆದು ಬರೆದಿರುತ್ತಾರೆ. ನಿಮ್ಮದು 2,73,025ಕ್ಕೆ 8,190.75, ಪೈಸೆಯವರೆಗೂ ಸರಿ. ಮೇಕಿಂಗಿಗೆ 5% ಎಂದು ಎಲ್ಲೋ ಓದಿರುತ್ತೀರಿ. ಅದು ನಿಮ್ಮದೇ ಚಿನ್ನ ಕೊಟ್ಟು ಒಡವೆ ಮಾಡಿಸಿದಾಗ, ಆ ಕೂಲಿಗೆ ಮಾತ್ರ. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ, ಅದಕ್ಕೆ 18% ಸೇರಿ 53.10. ತೂಕ ಎಷ್ಟೇ ಇರಲಿ, ಅಷ್ಟೇ. ಕೆಲವರು ಗ್ರಾಂ ಲೆಕ್ಕದಲ್ಲಿ ಹಾಲ್‌ಮಾರ್ಕ್ ಚಾರ್ಜ್ ಹಾಕುತ್ತಾರೆ, ಒಪ್ಪಬೇಡಿ.

ಹಾಲ್‌ಮಾರ್ಕ್ ಮಾತು ಬಂತಲ್ಲ, ನೆಕ್ಲೇಸಿನ ಕೊಂಡಿಯ ಹತ್ತಿರ ಭೂತಗನ್ನಡಿ ಹಿಡಿದು ನೋಡಿ. ಬಿಐಎಸ್ ಎಂಬ ಸರ್ಕಾರಿ ಮಾನಕ ಸಂಸ್ಥೆಯ ತ್ರಿಕೋನ ಗುರುತು, 22K916, ಆಮೇಲೆ ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಒಂದು ಸಂಖ್ಯೆ, ಅದೇ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯ ಇರುವ ಕಡೆ ಈ ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದು, ಕುಂದನ್, ಪೋಲ್ಕಿಯಂಥ ಕೆಲವು ಬಗೆ ಬಿಟ್ಟು. ಮೊಬೈಲಿನಲ್ಲಿ BIS Care ಆ್ಯಪ್ ಹಾಕಿ, Verify HUID ಒತ್ತಿ ಆ ಆರು ಸ್ಥಾನ ತುಂಬಿ. ಒಡವೆಯ ಬಗೆ, ಶುದ್ಧತೆ, ಪರೀಕ್ಷೆ ಮಾಡಿದ ಕೇಂದ್ರ ಬರುತ್ತವೆ. ನಿಮ್ಮದು ನೆಕ್ಲೇಸ್, ಆ್ಯಪಿನಲ್ಲಿ ಉಂಗುರ ಎಂದು ಬಂದರೆ ಆ ಸಂಖ್ಯೆ ಬೇರೆ ಒಡವೆಯದು. ಅನುಮಾನ ಇದ್ದರೆ ಬಿಐಎಸ್ ಮಾನ್ಯತೆ ಇರುವ ಕೇಂದ್ರದಲ್ಲಿ 200 ರೂಪಾಯಿ ಕೊಟ್ಟು ನೀವೇ ಪರೀಕ್ಷೆ ಮಾಡಿಸಬಹುದು. ಶುದ್ಧತೆ ಕಡಿಮೆ ಬಂದರೆ ಆ ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಅಂಗಡಿಯವರು ಕೊಡಬೇಕು ಎಂದು ಬಿಐಎಸ್ ನಿಯಮದಲ್ಲಿದೆ. ಒಂದು ನೆನಪಿರಲಿ, ಹಾಲ್‌ಮಾರ್ಕ್ ಶುದ್ಧತೆಗೆ ಖಾತರಿ, ಮೇಲೆ ಹೇಳಿದ ತೂಕದ ಆಟಕ್ಕಲ್ಲ.

ಈಗ ಮಾರುವ ಲೆಕ್ಕ. ನೀವು ಕೊಟ್ಟ 2,81,269ರಲ್ಲಿ ಚಿನ್ನ 2,25,000 ಮಾತ್ರ. ಉಳಿದ 56,269, ಅಂದರೆ ಚಿನ್ನದ ಮೇಲೆ ಕಾಲು ಪಾಲು, ಅಂಗಡಿಯ ಬಾಗಿಲು ದಾಟಿದ ಕ್ಷಣವೇ ಹೋಯಿತು. ವೇಸ್ಟೇಜ್, ಮೇಕಿಂಗ್, ತೆರಿಗೆ ಯಾರೂ ವಾಪಸ್ ಕೊಡುವುದಿಲ್ಲ. ಹರಳು ಸಾಧಾರಣ ಬಣ್ಣದ ಕಲ್ಲಾದರೆ ಅದಕ್ಕೂ ಸೊನ್ನೆ. ಬಿಚ್ಚಿ ಒಂದು ಪೊಟ್ಟಣದಲ್ಲಿ ಕಟ್ಟಿ ಕೈಗೆ ಕೊಡುತ್ತಾರೆ.

ಆ 2,25,000 ಆದರೂ ಪೂರ್ತಿ ಬರುತ್ತದಾ? ಅದೂ ಇಲ್ಲ. ಹಳೇ ಚಿನ್ನ ಕೊಳ್ಳುವವರು ಮೊದಲು ಕ್ಯಾರೆಟ್ ಮೀಟರಿನಲ್ಲಿ ಇಟ್ಟು ನೋಡುತ್ತಾರೆ. ಅದು ಮೇಲಿನ ಪದರ ಮಾತ್ರ ಓದುತ್ತದೆ, ಹಾಗಾಗಿ ಕೊನೆಗೆ ಕರಗಿಸಿಯೇ ಬೆಲೆ ಕಟ್ಟುತ್ತಾರೆ. ಹರಳು ತೆಗೆದು, ಕೊಳೆ ಹೋಗಿ, ಕರಗಿಸಿದ ಮೇಲೆ ನಿಮ್ಮ 25 ಗ್ರಾಂ 24.900 ಆಯಿತು ಎನ್ನಿ. ಬೆಸುಗೆಯ ಲೋಹವೂ ಸೇರಿ ಟಂಚು, ಅಂದರೆ ನೂರಕ್ಕೆ ಎಷ್ಟು ಪಾಲು ಅಪ್ಪಟ ಚಿನ್ನ ಎಂಬುದು, 91.6ರ ಬದಲು 91.0 ಬಂತು ಎನ್ನಿ. ಆಗ ಅದರಲ್ಲಿರುವ ಅಪ್ಪಟ ಚಿನ್ನ 22.659 ಗ್ರಾಂ. 24 ಕ್ಯಾರೆಟ್ ದರ 9,818ರಂತೆ 2,22,466. ಇದರ ಮೇಲೆ ಅಂಗಡಿಯವರು ತಮ್ಮ ಪಾಲು ಕಳೆಯುತ್ತಾರೆ. ಅದು ಅಂಗಡಿಗೊಂದು ರೀತಿ, ಲೆಕ್ಕಕ್ಕೆ 3% ಹಿಡಿದಿದ್ದೇನೆ. ಕೈಗೆ ಬರುವುದು 2,15,792. ನಾನು ಮೊದಲು ಹೇಳಿದ ಮೊತ್ತ ಇದೇ.

ಇದನ್ನೇ ಉಲ್ಟಾ ಹಾಕಿ ನೋಡಿ. ನೀವು ಕೊಟ್ಟ ದುಡ್ಡು ಅಷ್ಟಕ್ಕಷ್ಟೇ ವಾಪಸ್ ಬರಬೇಕಾದರೆ 22 ಕ್ಯಾರೆಟ್ ಗ್ರಾಂಗೆ 9,000 ಇದ್ದದ್ದು ಸುಮಾರು 11,730 ಆಗಬೇಕು. ಅಂದರೆ ಚಿನ್ನ ನೂರಕ್ಕೆ ಮೂವತ್ತು ಏರಿದ ದಿನ ನೀವು ಅಸಲಿಗೆ ಬರುತ್ತೀರಿ. ಹಾಕಿಕೊಳ್ಳುವುದಕ್ಕೆ ತಗೊಂಡಿದ್ದರೆ ಈ ಲೆಕ್ಕ ಬೇಡವೇ ಬೇಡ. ಮದುವೆ ನೆಕ್ಲೇಸನ್ನು ಯಾರು ತಾನೇ ಮಾರುತ್ತಾರೆ? "ಹೂಡಿಕೆ" ಎಂದು ಮನೆಯಲ್ಲಿ ಯಾರಾದರೂ ಹೇಳಿದ್ದರೆ ಮಾತ್ರ ತೋರಿಸಿ.

ಕೊಂಡ ಅಂಗಡಿಯಲ್ಲೇ ಬದಲಾಯಿಸಿ ಹೊಸ ಒಡವೆ ತಗೊಂಡರೆ ಆ 3% ಕಡಿತ ಮಾಡದೇ ಇರಬಹುದು, ಎಷ್ಟೋ ಅಂಗಡಿಗಳು ತಮ್ಮ ಬಿಲ್ ಇದ್ದರೆ ನೆಟ್ ತೂಕಕ್ಕೆ ಪೂರ್ತಿ ರೇಟ್ ಕೊಡುತ್ತವೆ. ಆದರೆ ಹೊಸ ಒಡವೆಗೆ ಮತ್ತೆ ವೇಸ್ಟೇಜ್, ಮತ್ತೆ ಜಿಎಸ್‌ಟಿ. ಹಾಗಾಗಿ ಆ ಲಾಭ ನೋಡುವುದಕ್ಕೆ ಮಾತ್ರ. ದುಡ್ಡೇ ಬೇಕೆಂದರೆ ಎರಡು-ಮೂರು ಕಡೆ ಕೇಳಿ, ಕರಗಿಸುವಾಗ ಎದುರಿಗೇ ನಿಂತಿರಿ, ಕರಗಿಸುವ ಮುಂಚೆ ಮತ್ತು ನಂತರದ ತೂಕ ಎರಡನ್ನೂ ಬರೆಸಿಕೊಳ್ಳಿ. ಒಮ್ಮೆ ಕರಗಿದ ಮೇಲೆ ಮುದ್ದೆ ಮುದ್ದೆಯೇ, ನೆಕ್ಲೇಸ್ ವಾಪಸ್ ಬರುವುದಿಲ್ಲ. ಮನೆಯ ಹಳೇ ಒಡವೆ ಮಾರುವ ನಿಮಗೆ ಜಿಎಸ್‌ಟಿ ಇಲ್ಲ. ಲಾಭ ಬಂದರೆ ಆದಾಯ ತೆರಿಗೆ ಇದೆ. ಎರಡು ವರ್ಷ ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ 12.5%. ಆಗ ಅಸಲು ಎಷ್ಟು ಎಂದು ತೋರಿಸಲು ಈ ಬಿಲ್ಲೇ ಬೇಕು. ಜಿಎಸ್‌ಟಿ ಉಳಿಸುತ್ತೇವೆ ಎಂದು ಎಸ್ಟಿಮೇಟ್ ಚೀಟಿಯಲ್ಲಿ ತಗೊಂಡವರ ಹತ್ತಿರ ಆ ದಿನ ತೋರಿಸಲು ಏನೂ ಇರುವುದಿಲ್ಲ. ನೀವು ಪಕ್ಕಾ ಬಿಲ್ ತಗೊಂಡಿದ್ದೀರಿ, ಒಳ್ಳೇದಾಯಿತು.

ಈಗ ಮಾಡಬೇಕಾದದ್ದು: ಬಿಲ್ಲೂ ಟ್ಯಾಗೂ ಹಿಡಿದುಕೊಂಡು ಮದುವೆ ಸೀಸನ್ನಿನ ಶನಿವಾರ ಬಿಟ್ಟು, ವಾರದ ನಡುವೆ ಬೆಳಿಗ್ಗೆ ಹೋಗಿ. ಕೌಂಟರಿನ ಹುಡುಗನ ಹತ್ತಿರ ವಾದ ಬೇಡ, ಅವನು ಕಂಪ್ಯೂಟರ್ ತೋರಿಸುತ್ತಾನೆ. ಮ್ಯಾನೇಜರನ್ನು ಕೇಳಿ, "25 ಗ್ರಾಂಗೆ 14% ಎಷ್ಟಾಗುತ್ತದೆ, ಹಾಕಿ ತೋರಿಸಿ ಸರ್" ಎಂದು ಕ್ಯಾಲ್ಕುಲೇಟರನ್ನು ಅವರ ಕೈಗೇ ಕೊಡಿ. ಒಪ್ಪಿದರೆ ಮುಂದಿನ ಖರೀದಿಯಲ್ಲಿ ಅಡ್ಜಸ್ಟ್ ಮಾಡುತ್ತೇವೆ ಎನ್ನುವುದು ಗ್ಯಾರಂಟಿ. ಬೇಡ ಎನ್ನಿ, ಕ್ರೆಡಿಟ್ ನೋಟ್ ಕೇಳಿ. ಅದರಲ್ಲಿ 3,775ರ ಜೊತೆ ಅದರ ಜಿಎಸ್‌ಟಿ 113.25 ಕೂಡ ಇಳಿದಿರಬೇಕು. ಒಪ್ಪದೇ ಇದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನನ್ನ ಅನುಭವದಲ್ಲಿ ಇಷ್ಟು ಮೊತ್ತಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ, ಮ್ಯಾನೇಜರ್ ಅಲ್ಲೇ ಮುಗಿಸುತ್ತಾರೆ. ಹೋಗುವ ಮುಂಚೆ ಬಿಲ್ಲನ್ನು ಒಂದು ಜೆರಾಕ್ಸ್ ಮಾಡಿಸಿ. ನಿಮ್ಮದು ನುಣುಪು ಕಾಗದದ ಥರ್ಮಲ್ ಬಿಲ್ ಆಗಿದ್ದರೆ ಬೀರುವಿನ ಬಿಸಿಗೆ ಅಕ್ಷರ ಅಳಿಸಿಹೋಗುತ್ತದೆ.